ಕಡಲಾಚೆಯ ಮನೆಗೊಂದು ಚೌಪದಿ

ದೀಪಾವಳಿಗೆ ಇನ್ನೂ ತಿಂಗಳ ಮೇಲೆ ಸಮಯವಿದೆ. ಇಷ್ಟು ಮುಂಚೆ ಈ ಮಾತು ಯಾಕೆ ಎಂದು ನಿಮಗೆ ಅನ್ನಿಸಬಹುದು. ಪರದೇಶದಲ್ಲಿರುವ ನೆಂಟರಿಗೆ ಅಂಚೆಯಲ್ಲಿ ಕಾರ್ಡು ಕಳಿಸುವವರಿಗೆ ಇದೇ ಸರಿಯಾದ ಹೊತ್ತು. ಆ ಕಾರ್ಡಿನ ಒಳಗೆ ಬರೆಯುವ ನಾಲ್ಕು ಸಾಲಿನ ಪದ್ಯದ ಬಗ್ಗೆ ಇವತ್ತು ಮಾತಾಡುತ್ತೇನೆ. ಹತ್ತಿರ ಒಂದು ಪೆನ್ನು, ಒಂದು ಹಾಳೆ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಎರಡು ಕೈ ಸಾಕು. ನಡುವೆ ಸ್ವಲ್ಪ ತಾಳ ಹಾಕುವುದಿದೆ.

ಮೊದಲು ಒಂದು ಪದ್ಯ ಓದುತ್ತೇನೆ. ಇಂಥದ್ದನ್ನು ನೀವು ಅಂಗಡಿಯ ಕಾರ್ಡುಗಳಲ್ಲಿ ಎಷ್ಟೋ ಸಲ ನೋಡಿದ್ದೀರಿ. ಆ ಧಾಟಿಯಲ್ಲಿ ನಾನೇ ಕಟ್ಟಿದ್ದು ಇದು.

ಬೆಳಕಿನ ಹಬ್ಬವು ಬಂದಿಹುದು
ಬಾಳಿಗೆ ಹರುಷವ ತಂದಿಹುದು
ಕತ್ತಲೆಯೆಲ್ಲಾ ಓಡಿಹುದು
ಶುಭವನು ಎಲ್ಲೆಡೆ ಹಾಡಿಹುದು

ಇದರಲ್ಲಿ ತಪ್ಪೇನಿದೆ? ಛಂದಸ್ಸು ಸರಿಯಾಗಿದೆ. ಪ್ರಾಸವೂ ಇದೆ. ಓದಿದರೆ ಎಲ್ಲೂ ಎಡವುವುದಿಲ್ಲ. ಆದರೂ ಇದನ್ನು ಓದಿದವರು ಎರಡನೆಯ ಸಲ ಓದುವುದಿಲ್ಲ. ಯಾಕೆಂದರೆ ಇದನ್ನು ತಂಗಿಗೂ ಕಳಿಸಬಹುದು, ಬ್ಯಾಂಕಿನ ಮ್ಯಾನೇಜರಿಗೂ ಕಳಿಸಬಹುದು. ಬಟ್ಟೆ ಅಂಗಡಿಯವರು ತಮ್ಮ ಗಿರಾಕಿಗಳಿಗೂ ಕಳಿಸಬಹುದು. ಬರೆದವರು ಯಾರು, ಯಾರಿಗೆ ಬರೆದರು ಎಂಬುದರ ಗುರುತು ಒಂದು ಸಾಲಿನಲ್ಲೂ ಇಲ್ಲ. ಇನ್ನೊಂದು ತೊಂದರೆಯೂ ಇದೆ. ‘ಕತ್ತಲೆ ಓಡಿತು’ ಎನ್ನುವ ಈ ಪದ್ಯ ಆಸ್ಟ್ರೇಲಿಯಾಕ್ಕೆ ಹೋದರೆ ಅಲ್ಲಿ ಓಡುವುದಕ್ಕೆ ಕತ್ತಲೆಯೇ ಇರುವುದಿಲ್ಲ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ನನ್ನ ತಂಗಿಯ ಸಂಸಾರ ಮೆಲ್ಬರ್ನಿನಲ್ಲಿದೆ. ಅವಳಿಗೆಂದು ಬರೆದ ಪದ್ಯವನ್ನೇ ಇವತ್ತು ನಿಮ್ಮ ಮುಂದೆ ಬಿಚ್ಚುತ್ತೇನೆ. ದೊಡ್ಡ ಕಾವ್ಯವೇನಲ್ಲ. ಆದರೆ ಅದು ಆ ಮನೆಗೆ ಬಿಟ್ಟರೆ ಬೇರೆ ಮನೆಗೆ ಹೋಗುವಂಥದ್ದಲ್ಲ. ಕಾರ್ಡಿನ ಪದ್ಯಕ್ಕೆ ನಾನು ಇಡುವ ಪರೀಕ್ಷೆ ಅದೊಂದೇ.

ಹಾಗಾದರೆ ಪದ್ಯಕ್ಕೆ ಏನನ್ನು ತರಬೇಕು? ಇಡೀ ದೀಪಾವಳಿಯನ್ನು ತರಲು ಹೋಗಬೇಡಿ. ನಮ್ಮ ಹಬ್ಬ ಒಂದು ದಿನದ್ದಲ್ಲ. ತ್ರಯೋದಶಿಯ ಸಂಜೆ ನೀರು ತುಂಬುತ್ತೇವೆ. ಚತುರ್ದಶಿಯ ಬೆಳಗಿನ ಜಾವ ಎಣ್ಣೆ ಸ್ನಾನ. ಅಮಾವಾಸ್ಯೆಗೆ ಲಕ್ಷ್ಮೀಪೂಜೆ. ಪಾಡ್ಯಕ್ಕೆ ಬಲೀಂದ್ರ, ಗೋಪೂಜೆ. ಇಷ್ಟನ್ನೂ ನಾಲ್ಕು ಸಾಲಿಗೆ ತುರುಕಿದರೆ ಪಂಚಾಂಗದ ಪಟ್ಟಿಯಾಗುತ್ತದೆ. ಒಂದೇ ಒಂದು ಕೆಲಸ ಆರಿಸಿಕೊಳ್ಳಿ. ನಿಮ್ಮ ಮನೆಯಲ್ಲಿ, ನಿಮ್ಮ ಸೀಮೆಯಲ್ಲಿ ಮಾಡುವ ಕೆಲಸ. ಉತ್ತರ ಕರ್ನಾಟಕದವರಾದರೆ ಪಾಡ್ಯದ ದಿನ ಸಗಣಿಯಲ್ಲಿ ಪಾಂಡವರನ್ನು ಮಾಡಿ ಬಾಗಿಲಲ್ಲಿ ಇಡುತ್ತೀರಿ. ತುಳುನಾಡಿನವರಾದರೆ ಬಲೀಂದ್ರನನ್ನು ಕೂ ಹಾಕಿ ಕರೆಯುತ್ತೀರಿ. ಮಲೆನಾಡಿನವರಾದರೆ ರಾತ್ರಿ ಮನೆ ಮನೆಗೆ ದೀಪ ಹಿಡಿದು ಹಾಡುತ್ತ ಬರುವ ಅಂಟಿಕೆ-ಪಂಟಿಕೆಯವರು ನಿಮಗೆ ಗೊತ್ತು. ಇವುಗಳಲ್ಲಿ ಯಾವುದಾದರೂ ಒಂದು ಸಾಕು.

ನಾನು ಆರಿಸಿಕೊಂಡದ್ದು ಬಚ್ಚಲಮನೆಯ ಹಂಡೆ.

ನಮ್ಮ ಮನೆಯದು ತಾಮ್ರದ ಹಂಡೆ. ತ್ರಯೋದಶಿಯ ದಿನ ಅಮ್ಮ ಅದನ್ನು ಹುಣಸೆಹಣ್ಣು ಹಾಕಿ ಉಜ್ಜುತ್ತಾಳೆ. ಒಳಗಿನ ಕೊಳೆ ತೆಗೆದು, ಹೊರಗೆ ಸುಣ್ಣದ ಪಟ್ಟೆ, ಕೆಮ್ಮಣ್ಣಿನ ಪಟ್ಟೆ ಎಳೆಯುತ್ತಾಳೆ. ಬಾವಿಯ ಹೊಸ ನೀರು ತುಂಬಿಸಿ, ಕೊರಳಿಗೆ ಚೆಂಡುಹೂವಿನ ಸರ ಸುತ್ತುತ್ತಾಳೆ. ಮಾಲಿಂಗನ ಬಳ್ಳಿ ಸಿಕ್ಕರೆ ಅದನ್ನೂ ಸುತ್ತುವುದುಂಟು. ಅದರ ಪುಟ್ಟ ಕಾಯಿಗಳು ಗೋಲಿಯ ಗಾತ್ರ, ಮೈಮೇಲೆ ಬಿಳಿ ಗೀರುಗಳು. ಮರುದಿನ ನಸುಕಿನಲ್ಲಿ ಒಬ್ಬೊಬ್ಬರನ್ನೇ ಮಣೆಯ ಮೇಲೆ ಕೂರಿಸಿ ನೆತ್ತಿಗೆ ಎಣ್ಣೆ ಒತ್ತುತ್ತಾಳೆ. ಆಗ ಮಕ್ಕಳ ಹೆಸರು ಹಿಡಿದು ಕರೆಯುತ್ತಾಳಲ್ಲ, ಮೊದಲು ಬರುವುದು ತಂಗಿಯ ಹೆಸರು. ಅವಳು ಊರಲ್ಲಿ ಇಲ್ಲದೆ ವರ್ಷಗಳಾದವು. ಆದರೂ ಅಮ್ಮನ ಬಾಯಿಗೆ ಆ ಹೆಸರೇ ಮೊದಲು ಬರುತ್ತದೆ.

ಈಗ ಒಂದು ಕೆಲಸ ಸಿಕ್ಕಿತು, ಒಬ್ಬ ವ್ಯಕ್ತಿ ಸಿಕ್ಕಳು. ಇನ್ನು ಅದನ್ನು ಸಾಲಿಗೆ ಹೊಂದಿಸಬೇಕು. ಅದಕ್ಕೆ ಮಾತ್ರೆ ಎಣಿಸುವುದು ಗೊತ್ತಿರಬೇಕು. ಶಾಲೆಯಲ್ಲಿ ಕಲಿತದ್ದು ಮರೆತಿದ್ದರೆ ಚಿಂತೆಯಿಲ್ಲ, ಎರಡು ನಿಮಿಷದ ಪಾಠ.

ಅ, ಇ, ಉ, ಎ, ಒ, ಇಂಥ ಗಿಡ್ಡ ಸ್ವರದ ಅಕ್ಷರಕ್ಕೆ ಒಂದು ಮಾತ್ರೆ. ಅದು ಲಘು. ಆ, ಈ, ಊ, ಏ, ಓ, ಇಂಥ ಉದ್ದ ಸ್ವರಕ್ಕೆ ಎರಡು ಮಾತ್ರೆ. ಅದು ಗುರು. ಒತ್ತಕ್ಷರದ ಹಿಂದೆ ಬರುವ ಅಕ್ಷರವೂ ಗುರು. ಸೊನ್ನೆ ಇರುವ ಅಕ್ಷರವೂ ಗುರು. ‘ಹಂಡೆಗೆ’ ಎಂಬ ಮಾತನ್ನು ತೆಗೆದುಕೊಳ್ಳಿ. ‘ಹಂ’ ಎರಡು, ‘ಡೆ’ ಒಂದು, ‘ಗೆ’ ಒಂದು. ಒಟ್ಟು ನಾಲ್ಕು. ‘ನೀರನು’ ಎನ್ನಿ. ‘ನೀ’ ಎರಡು, ‘ರ’ ಒಂದು, ‘ನು’ ಒಂದು. ಅದೂ ನಾಲ್ಕು. ಹೀಗೆ ನಾಲ್ಕು ನಾಲ್ಕರ ಗುಂಪು ಮಾಡಿ, ಪ್ರತಿ ಗುಂಪಿನ ಮೊದಲ ಅಕ್ಷರಕ್ಕೆ ಒಂದು ಚಪ್ಪಾಳೆ ಹಾಕಿ. ಸಾಲಿಗೆ ನಾಲ್ಕು ಚಪ್ಪಾಳೆ. ಕೊನೆಯ ಗುಂಪಿಗೆ ಮೂರು ಮಾತ್ರೆ ಇದ್ದರೂ ಸಾಕು. ಉಳಿದ ಒಂದನ್ನು ಓದುವವರ ಉಸಿರು ತುಂಬಿಕೊಳ್ಳುತ್ತದೆ.

ಈಗ ನನ್ನ ಜೊತೆ ತಾಳ ಹಾಕಿ.

ಹಂಡೆಗೆ, ನೀರನು, ತುಂಬಿಸಿ, ಅಮ್ಮ.

ಸರಿಯಾಗಿ ಕೂತಿತಲ್ಲವೇ? ಈಗ ‘ಶುಭಾಶಯಗಳು’ ಎಂಬ ಮಾತಿಗೆ ಇದೇ ತಾಳ ಹಾಕಿ ನೋಡಿ. ‘ಶು’ ಒಂದು, ‘ಭಾ’ ಎರಡು, ‘ಶ’ ಒಂದು. ಲೆಕ್ಕಕ್ಕೆ ನಾಲ್ಕೇ. ಆದರೆ ಕಿವಿಗೆ ಕುಂಟುತ್ತದೆ. ಗುರು ನಡುವೆ ಕೂತು, ಎರಡು ಕಡೆ ಲಘು ಬಂದಿದೆ. ಹೀಗೆ ಲಘು-ಗುರು-ಲಘು ಬಂದದ್ದನ್ನು ಛಂದಸ್ಸಿನವರು ಜಗಣ ಎನ್ನುತ್ತಾರೆ. ನಾಲ್ಕು ಮಾತ್ರೆಯ ನಡೆಯಲ್ಲಿ ಅದು ಹೆಜ್ಜೆ ತಪ್ಪಿಸುತ್ತದೆ. ಮನೆಯಲ್ಲಿ ಕೂತು ಹಬ್ಬದ ಪದ್ಯ ಬರೆಯುವವರು ಸಾಮಾನ್ಯವಾಗಿ ‘ದೀಪಾವಳಿಯ ಶುಭಾಶಯಗಳು’ ಎಂದೇ ಶುರು ಮಾಡುತ್ತಾರೆ, ಅಲ್ಲೇ ಸಿಕ್ಕಿಕೊಳ್ಳುತ್ತಾರೆ. ಶುಭಾಶಯವನ್ನು ಪದ್ಯದ ಕೆಳಗೆ ಗದ್ಯದಲ್ಲಿ ಬರೆಯಿರಿ. ಪದ್ಯವನ್ನು ಅದರ ಪಾಡಿಗೆ ಬಿಡಿ.

ಇಲ್ಲಿಯವರೆಗೆ ಎರಡು ಮಾತು ಆಯಿತು. ಒಂದೇ ಕೆಲಸವನ್ನು ಆರಿಸುವುದು, ಅದನ್ನು ನಾಲ್ಕು ಮಾತ್ರೆಯ ತಾಳಕ್ಕೆ ಹೊಂದಿಸುವುದು. ಇನ್ನು ಪ್ರಾಸಕ್ಕೆ ಬರೋಣ.

ಸಾಲಿನ ಕೊನೆಯಲ್ಲಿ ಬರುವ ಪ್ರಾಸ ಎಲ್ಲರಿಗೂ ಗೊತ್ತು. ನಮ್ಮ ಹಳೆಯ ಕಾವ್ಯದ ಪ್ರಾಸ ಬೇರೆ. ಅದು ಆದಿಪ್ರಾಸ. ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕು. ಹಂಡೆ, ಚೆಂಡು, ಮಂಡೆ, ಇವು ಮೂರೂ ಪ್ರಾಸದ ಮಾತುಗಳು. ನನ್ನ ಹಂಡೆಗೆ ಚೆಂಡುಹೂವು ತಾನಾಗಿಯೇ ಸಿಕ್ಕಿತು. ಎಣ್ಣೆ ಒತ್ತುವ ಮಂಡೆಯೂ ಸಿಕ್ಕಿತು. ಮೂರು ಸಾಲು ಬಂದವು.

ಹಂಡೆಗೆ ನೀರನು ತುಂಬಿಸಿ ಅಮ್ಮ
ಚೆಂಡಿನ ಹೂವನು ಕೊರಳಿಗೆ ಸುತ್ತಿ
ಮಂಡೆಗೆ ಎಣ್ಣೆಯ ಒತ್ತುವ ಹೊತ್ತು

ನಾಲ್ಕನೆಯ ಸಾಲಿಗೂ ಅದೇ ಪ್ರಾಸ ಬೇಕು ಎಂದು ಹೊರಟರೆ ಏನಾಗುತ್ತದೆ? ‘ಗಂಡನ ಜೊತೆಯಲಿ ಸುಖದಲಿ ಬಾಳು’ ಎಂದು ಬರುತ್ತದೆ. ಮಾತ್ರೆ ಸರಿ, ಪ್ರಾಸ ಸರಿ. ಆದರೆ ಬಚ್ಚಲಮನೆಯಲ್ಲಿದ್ದ ಅಮ್ಮ ಮಾಯವಾದಳು, ಅಂಗಡಿಯ ಕಾರ್ಡು ಮತ್ತೆ ಬಂತು! ಪ್ರಾಸಕ್ಕೆ ಜೋತುಬಿದ್ದರೆ ಆಗುವುದು ಹೀಗೆಯೇ. ಪ್ರಾಸ ಬಿಟ್ಟರೆ ಅಪಚಾರವೇನೂ ಅಲ್ಲ. ಮಂಜೇಶ್ವರದ ಗೋವಿಂದ ಪೈಗಳು 1911ರ ಸುಮಾರಿಗೇ ಆ ಕಟ್ಟು ಬಿಡಿಸಿ ಬರೆದರು. ನಾಲ್ಕು ಸಾಲಿನ ಕಾರ್ಡಿಗೆ ನಮಗೇಕೆ ಅಷ್ಟು ಹಟ? ಮೂರು ಸಾಲಿಗೆ ಪ್ರಾಸ ಇಟ್ಟು ನಾಲ್ಕನೆಯದಕ್ಕೆ ಕೈಬಿಟ್ಟೆ. ಕಿವಿ ಅದೇ ಸದ್ದಿಗೆ ಕಾದಿರುವಾಗ ಬೇರೆ ಸದ್ದು ಬಂದರೆ ಆ ಸಾಲಿನ ಮೇಲೆ ಗಮನ ನಿಲ್ಲುತ್ತದೆ. ಹೇಳಬೇಕಾದ ಮಾತು ಇರುವುದೂ ಅಲ್ಲಿಯೇ.

ಆ ಸಾಲು ಮೊದಲು ಹೀಗಿತ್ತು: ‘ಕರೆದಳು ನಿನ್ನದೆ ಹೆಸರನು ಮೊದಲು’. ಓದಲು ಚೆನ್ನಾಗಿದೆ. ಆದರೆ ಒಂದು ತೊಡಕು. ಕಾರ್ಡು ಬರೆಯುವುದು ಹಬ್ಬಕ್ಕೆ ತಿಂಗಳು ಮುಂಚೆ. ಹಂಡೆಗೆ ಆಗ ನೀರೇ ತುಂಬಿಲ್ಲ, ‘ಕರೆದಳು’ ಎನ್ನುವುದು ಹೇಗೆ? ಓದುವುದು ಹಬ್ಬದ ದಿನ ಅಥವಾ ಅದರ ಆಚೀಚೆ. ಕಾಲ ಎರಡಕ್ಕೂ ಹೊಂದಬೇಕು. ಒಂದಕ್ಷರ ಬದಲಿಸಿದೆ. ‘ಕರೆವಳು’ ಎಂದೆ. ಮಾತ್ರೆ ಅಷ್ಟೇ, ನಾಲ್ಕು. ಮುಂದೆ ಕರೆಯುತ್ತಾಳೆ ಎಂದೂ ಆಯಿತು, ಪ್ರತಿ ವರ್ಷ ಕರೆಯುತ್ತಾಳೆ ಎಂದೂ ಆಯಿತು. ಕಾರ್ಡು ಯಾವ ದಿನ ಮುಟ್ಟಿದರೂ ಮಾತು ಸುಳ್ಳಾಗುವುದಿಲ್ಲ. ನೀವು ಬರೆದ ಪದ್ಯದಲ್ಲೂ ‘ಬಂದಿತು’, ‘ಹಚ್ಚಿದೆವು’ ಎಂಬ ಮಾತು ಇದೆಯೇ ನೋಡಿಕೊಳ್ಳಿ.

ಈಗ ಪೂರ್ತಿ ಚೌಪದಿ ಕೇಳಿ.

ಹಂಡೆಗೆ ನೀರನು ತುಂಬಿಸಿ ಅಮ್ಮ
ಚೆಂಡಿನ ಹೂವನು ಕೊರಳಿಗೆ ಸುತ್ತಿ
ಮಂಡೆಗೆ ಎಣ್ಣೆಯ ಒತ್ತುವ ಹೊತ್ತು
ಕರೆವಳು ನಿನ್ನದೆ ಹೆಸರನು ಮೊದಲು

ಇದು ನಮ್ಮ ಮನೆಯ ಕಡೆಯ ಮಾತಾಯಿತು. ಕಾರ್ಡಿನ ಇನ್ನೊಂದು ಪುಟ ಖಾಲಿ ಇದೆ. ಅಲ್ಲಿ ಅವರ ಮನೆ ಬರಬೇಕು. ಬರೆಯುವವರು ಹೆಚ್ಚಾಗಿ ಮರೆಯುವುದು ಇದನ್ನೇ. ಊರಿನ ನೆನಪನ್ನು ತುಂಬಿ ಕಳಿಸುತ್ತಾರೆ, ಓದುವವರು ಈಗ ಎಲ್ಲಿ ಕೂತು ಓದುತ್ತಿದ್ದಾರೆ ಎಂದು ವಿಚಾರಿಸುವುದಿಲ್ಲ.

ಮೆಲ್ಬರ್ನಿನಲ್ಲಿ ದೀಪಾವಳಿ ವಸಂತದಲ್ಲಿ ಬರುತ್ತದೆ. ನಮಗೆ ಚಳಿ ಕಾಲಿಡುವ ಹೊತ್ತು ಅವರಿಗೆ ಬೇಸಿಗೆ ಹತ್ತಿರ. ಅಕ್ಟೋಬರಿನ ಮೊದಲ ಭಾನುವಾರ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಇಡುತ್ತಾರೆ. ಹಾಗಾಗಿ ಹಬ್ಬದ ಹೊತ್ತಿಗೆ ಸೂರ್ಯ ಮುಳುಗುವುದು ಸಂಜೆ ಎಂಟರ ಹತ್ತಿರ. ಕತ್ತಲಾಗಲು ಇನ್ನೂ ಅರ್ಧ ಗಂಟೆ. ಮರುದಿನ ಶಾಲೆ ಇರುವ ಮಕ್ಕಳು ಅಷ್ಟು ಹೊತ್ತು ಕಾಯಬೇಕು. ‘ಕತ್ತಲೆ ಓಡಿಹುದು’ ಎಂಬ ಪದ್ಯ ಅಲ್ಲಿಗೆ ಹೊಂದುವುದಿಲ್ಲ ಎಂದದ್ದು ಇದಕ್ಕೇ. ದೀಪ ಹಿಡಿದು ಕೂತ ಮಕ್ಕಳಿಗೆ ಕತ್ತಲೆ ಯಾವಾಗ ಬರುತ್ತದೋ ಎಂಬುದೇ ಚಿಂತೆ. ನಾನು ಅದನ್ನೇ ಹಿಡಿದುಕೊಂಡೆ.

ಎಂಟಕೆ ಇಳಿಯುವ ಬಿಸಿಲಿನ ಊರು
ತುಂಟರು ಇಬ್ಬರು ಬತ್ತಿಯ ಹೊಸೆದು
ಅಂಟಿಸಿ ಬಿಟ್ಟರೆ ಹಗಲೇ ದೀಪ
ಬಯ್ಯದೆ ನೀನೂ ಹಚ್ಚಲು ಸೇರು

ತಾಳ ಅದೇ. ಇಲ್ಲಿಯೂ ಮೂರು ಸಾಲಿಗೆ ಪ್ರಾಸ, ನಾಲ್ಕನೆಯದು ಬಿಡುಗಡೆ. ದೀಪ ಅಂಟಿಸುವುದು ಎಂದು ನಮ್ಮ ಕಡೆ ಆಡುವ ಮಾತೇ ಪ್ರಾಸಕ್ಕೂ ಒದಗಿತು.

ಈ ಎರಡು ಚೌಪದಿಗಳಲ್ಲಿ ನಾನು ಬೇಕೆಂದೇ ಮಾಡಿದ ಇನ್ನೊಂದು ಕೆಲಸವಿದೆ. ಒತ್ತಕ್ಷರಗಳನ್ನು ಗಮನಿಸಿ. ಅಮ್ಮ, ಸುತ್ತಿ, ಎಣ್ಣೆ, ಬತ್ತಿ, ಇಬ್ಬರು, ಬಯ್ಯದೆ. ಎಲ್ಲವೂ ಸಜಾತೀಯ. ಅಂದರೆ ಒಂದೇ ಅಕ್ಷರಕ್ಕೆ ಅದೇ ಅಕ್ಷರದ ಒತ್ತು. ಪರದೇಶದಲ್ಲಿ ಬೆಳೆಯುವ ಮಕ್ಕಳಲ್ಲಿ ಎಷ್ಟೋ ಜನ ಕನ್ನಡ ಓದುವುದನ್ನು ಕಲಿಯುವುದು ವಾರಕ್ಕೊಮ್ಮೆ, ಶನಿವಾರವೋ ಭಾನುವಾರವೋ ನಡೆಯುವ ತರಗತಿಯಲ್ಲಿ. ಕಾಗುಣಿತ ದಾಟಿ ಒತ್ತಕ್ಷರಕ್ಕೆ ಬಂದಾಗ ಮೊದಲು ಹಿಡಿತಕ್ಕೆ ಸಿಗುವುದು ಅಮ್ಮ, ಅಪ್ಪ, ಅಕ್ಕ. ‘ಸಮೃದ್ಧಿ’, ‘ಐಶ್ವರ್ಯ’, ‘ಅಭೀಷ್ಟ’ ಎಂದು ಬರೆದರೆ ಮಗು ಮೊದಲ ಸಾಲಿನಲ್ಲೇ ಕಾರ್ಡನ್ನು ಅಮ್ಮನ ಕೈಗೆ ಕೊಟ್ಟು ಹೋಗುತ್ತದೆ. ‘ತುಂಟರು ಇಬ್ಬರು’ ಎಂದಿದ್ದರೆ ಅದು ಯಾರೆಂದು ಹುಡುಕುತ್ತದೆ. ಅಕ್ಷರವನ್ನೂ ದುಂಡಗೆ, ಬಿಡಿಸಿ ಬರೆಯಿರಿ. ಕೂಡು ಬರಹ ಅವರಿಗೆ ತಿಳಿಯುವುದಿಲ್ಲ.

ಸರಿ. ಕೆಲಸ, ತಾಳ, ಪ್ರಾಸ, ಕಾಲ, ಅವರ ಊರಿನ ಹೊತ್ತು, ಇಷ್ಟು ಹೇಳಿದೆ. ಇದೆಲ್ಲ ಕಿರಿಯಳಾದ ತಂಗಿಗೆ. ಹಿರಿಯರಿಗೆ ಬರೆಯುವಾಗ ಬೇರೊಂದು ವಿಚಾರ ಬರುತ್ತದೆ.

ನಮ್ಮಲ್ಲಿ ಹಿರಿಯರನ್ನು ಕಿರಿಯರು ಹರಸುವುದಿಲ್ಲ. ‘ನಿಮ್ಮ ಬಾಳು ಬೆಳಗಲಿ’ ಎಂದು ದೊಡ್ಡಪ್ಪನಿಗೆ ಬರೆದರೆ ಅವರು ಏನೂ ಅನ್ನದಿರಬಹುದು. ಆದರೆ ಆ ಮಾತು ನಮ್ಮ ಬಾಯಲ್ಲಿ ಒಪ್ಪುವುದಿಲ್ಲ. ಅವರಿಂದ ಹರಕೆ ಕೇಳಬೇಕು. ಲಂಡನ್ನಿನಲ್ಲಿ ಮಗನ ಮನೆಯಲ್ಲಿರುವ ದೊಡ್ಡಪ್ಪನವರಿಗೆ ಎಂದು ಇಟ್ಟುಕೊಳ್ಳಿ. ಅಲ್ಲಿಯ ಹೊತ್ತು ಮೆಲ್ಬರ್ನಿಗೆ ಪೂರ್ತಿ ತಿರುಗುಮುರುಗು. ಅಕ್ಟೋಬರಿನ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಇಡುತ್ತಾರೆ. ನವೆಂಬರಿನ ಮೊದಲಲ್ಲಿ ಹಬ್ಬ ಬಿದ್ದರೆ ಸಂಜೆ ನಾಲ್ಕೂವರೆಗೆ ಸೂರ್ಯ ಮುಳುಗಿರುತ್ತಾನೆ. ಹೊರಗೆ ಚಳಿ, ಗಾಳಿ.

ನಾಲ್ಕೂವರೆಗೇ ಕತ್ತಲು ಅಲ್ಲಿ
ಬಾಗಿಲ ಹಣತೆಗೆ ಗಾಳಿಯ ಕಾಟ
ಕಿಟಕಿಯ ಒಳಗೇ ದೀಪವ ಹಚ್ಚಿ
ನಮ್ಮನು ಅಲ್ಲೇ ಹರಸಿರಿ ಒಮ್ಮೆ

ಇದರಲ್ಲಿ ಆದಿಪ್ರಾಸವನ್ನು ನಾನು ಹುಡುಕಲೇ ಇಲ್ಲ. ‘ಹರಸಿರಿ’ ಎಂಬ ಬಹುವಚನ ಸರಿಯಾಗಿ ಕೂತಿತು, ಅಷ್ಟು ಸಾಕು. ಆದರೆ ಒಂದು ಎಚ್ಚರ. ಹಬ್ಬದ ತಾರೀಖು ಪ್ರತಿ ವರ್ಷ ಬದಲಾಗುತ್ತದೆ. 2025ರಲ್ಲಿ ನರಕ ಚತುರ್ದಶಿ ಅಕ್ಟೋಬರ್ 20ಕ್ಕೆ ಬಂತು, ಬಲಿಪಾಡ್ಯಮಿ 22ಕ್ಕೆ. ಆಗ ಲಂಡನ್ನಿನಲ್ಲಿ ಗಡಿಯಾರ ಇನ್ನೂ ಹಿಂದಕ್ಕೆ ಹೋಗಿರಲಿಲ್ಲ. ಸೂರ್ಯ ಮುಳುಗುವುದು ಆರರ ಸುಮಾರಿಗೆ. ಆ ವರ್ಷದ ಕಾರ್ಡಿನಲ್ಲಿ ‘ನಾಲ್ಕೂವರೆಗೇ ಕತ್ತಲು’ ಎಂದು ಬರೆದಿದ್ದರೆ ದೊಡ್ಡಪ್ಪನವರು ನಕ್ಕುಬಿಡುತ್ತಿದ್ದರು. ಬರೆಯುವ ಮೊದಲು ಕ್ಯಾಲೆಂಡರು ತೆಗೆದು ಹಬ್ಬ ಯಾವ ದಿನ ಎಂದು ನೋಡಿ.

ಕಾರ್ಡಿನಲ್ಲಿ ತಾರೀಖು ಹಾಕುವ ಬದಲು ತಿಥಿ ಹಾಕಿ. ‘ಆಶ್ವಯುಜ ಬಹುಳ ಚತುರ್ದಶಿ’ ಎಂದರೆ ಸಾಕು. ಯಾಕೆಂದರೆ ತಿಥಿ ಶುರುವಾಗುವ ಗಳಿಗೆ ಲೋಕಕ್ಕೆಲ್ಲ ಒಂದೇ ಆದರೂ ಸೂರ್ಯೋದಯ ಊರೂರಿಗೆ ಬೇರೆ. ಅಮೆರಿಕದ ಗಡಿಯಾರ ನಮಗಿಂತ ಅರ್ಧ ದಿನದಷ್ಟು ಹಿಂದೆ. ಹೀಗಾಗಿ ಕೆಲವು ವರ್ಷ ಅಲ್ಲಿಯ ಪಂಚಾಂಗದಲ್ಲಿ ಹಬ್ಬ ಒಂದು ದಿನ ಆಚೀಚೆ ಆಗುತ್ತದೆ. ನಿಮ್ಮ ತಾರೀಖು ಅಲ್ಲಿ ತಪ್ಪಾಗಬಹುದು, ತಿಥಿ ತಪ್ಪಾಗದು.

ಪದ್ಯ ಬರೆದಾಯಿತು. ಪ್ರತಿ ಮಾಡುವ ಮುಂಚೆ ಒಂದು ಕೆಲಸ. ಮನೆಯಲ್ಲಿ ಬೇರೆಯವರ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸಿ, ನೀವು ಕೇಳಿ. ನೀವೇ ಓದಿದರೆ ಕುಂಟುವ ಕಡೆ ಎಳೆದೋ ನುಂಗಿಯೋ ಸರಿಮಾಡಿಕೊಂಡುಬಿಡುತ್ತೀರಿ. ಬೇರೆಯವರು ಎಡವಿದ ಜಾಗದಲ್ಲಿ ಪೆನ್ನು ಇಡಿ. ಅವರು ತಿರುಗಿ ಓದಿದಾಗಲೂ ಅಲ್ಲೇ ಎಡವಿದರೆ ಅಲ್ಲಿ ಒಂದು ಮಾತ್ರೆ ಹೆಚ್ಚೋ ಕಡಿಮೆಯೋ ಆಗಿದೆ ಎಂದೇ ತಿಳಿಯಿರಿ. ಕಾರ್ಡಿನ ಕೆಳಗೆ ಎರಡು ಬೆರಳು ಜಾಗ ಬಿಟ್ಟು ಅಮ್ಮನಿಂದ ಒಂದು ಸಾಲು ಬರೆಸಿ. ‘ತಲೆಗೆ ಎಣ್ಣೆ ಹಚ್ಚಿಕೊಳ್ಳದೆ ನೀರು ಹಾಕ್ಕೋಬೇಡ’ ಎಂದು ಅಮ್ಮ ಬರೆದರೆ ಅದಕ್ಕೆ ಮಾತ್ರೆ ಎಣಿಸಲು ಹೋಗಬೇಡಿ.

ಇನ್ನು ಲಕೋಟೆ. ಕಾರ್ಡಿನ ಜೊತೆ ಚೆಂಡುಹೂವಿನ ಎಸಳು, ಒಂದಿಷ್ಟು ಬೀಜ ಹಾಕುವ ಅಭ್ಯಾಸ ಕೆಲವರಿಗಿದೆ. ಆಸ್ಟ್ರೇಲಿಯಾ, ನ್ಯೂಜಿಲೆಂಡುಗಳಿಗೆ ಹಾಗೆ ಮಾಡಬೇಡಿ. ಹೊರಗಿನ ರೋಗ, ಕೀಟ ಒಳಗೆ ಬರಬಾರದೆಂದು ಅಲ್ಲಿ ಅಂಚೆಯನ್ನು ಕಟ್ಟುನಿಟ್ಟಾಗಿ ತಪಾಸಣೆ ಮಾಡುತ್ತಾರೆ. ಬೀಜ, ಹೂವು, ಎಲೆ ಸಿಕ್ಕರೆ ಲಕೋಟೆಯನ್ನು ತಡೆಹಿಡಿಯುತ್ತಾರೆ. ವಿಳಾಸವನ್ನು ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಬರೆದು, ದೇಶದ ಹೆಸರನ್ನು ಪೂರ್ತಿಯಾಗಿ ಕೊನೆಯ ಸಾಲಿನಲ್ಲಿ ಹಾಕಿ. ಅಂಚೆಪೆಟ್ಟಿಗೆಗೆ ಹಾಕುವ ಬದಲು ಕಚೇರಿಗೇ ಒಯ್ದು, ತೂಕ ಮಾಡಿಸಿ, ಏರ್‌ಮೇಲ್ ಎಂದು ಹೇಳಿ ಕೊಡಿ. ಮುಟ್ಟಲು ಎರಡು ಮೂರು ವಾರ ಹಿಡಿಯುವುದುಂಟು. ಹಬ್ಬಕ್ಕೆ ತಿಂಗಳು ಇರುವಾಗಲೇ ಕಳಿಸಿದರೆ ನೆಮ್ಮದಿ.

ಅಷ್ಟು ಮಾಡಿಯೂ ತಡವಾದರೆ? ಕಾರ್ತಿಕ ಶುದ್ಧ ದ್ವಾದಶಿಗೆ ತುಳಸಿ ಹಬ್ಬವಿದೆ. ನಮ್ಮ ಕಡೆ ಅದನ್ನು ಕಿರು ದೀಪಾವಳಿ ಎನ್ನುತ್ತಾರೆ. ಅಮಾವಾಸ್ಯೆ ಕಳೆದು ಹನ್ನೆರಡು ದಿನಕ್ಕೆ ಬರುತ್ತದೆ. ಅಷ್ಟರೊಳಗೆ ಕಾರ್ಡು ಮುಟ್ಟಿದರೂ ತುಂಟರಿಬ್ಬರ ಚೌಪದಿ ಆ ಸಂಜೆಗೆ ಸಲ್ಲುತ್ತದೆ. ಮೆಲ್ಬರ್ನಿನಲ್ಲಿ ಅಷ್ಟು ಹೊತ್ತಿಗೆ ಬಿಸಿಲು ಇನ್ನೂ ಸ್ವಲ್ಪ ತಡವಾಗಿಯೇ ಇಳಿಯುತ್ತಿರುತ್ತದೆ.